ಯಂತ್ರದ ಬರಹವನ್ನೇ ಯಂತ್ರಕ್ಕೆ ಕಲಿಸಿದರೆ

ಭಾಷಾ ಮಾದರಿ ಎಂಬ ಗಣಕ ವ್ಯವಸ್ಥೆ ಅಪಾರ ಬರಹವನ್ನು ಓದಿ, ಯಾವ ಪದಗಳ ಮುಂದೆ ಯಾವ ಪದ ಬರುವ ಸಂಭವ ಎಷ್ಟು ಎಂಬುದನ್ನು ಕಲಿಯುತ್ತದೆ. ಆ ಲೆಕ್ಕದ ಮೇಲೆಯೇ ಹೊಸ ವಾಕ್ಯಗಳನ್ನು ಹೊರಡಿಸುತ್ತದೆ. ಹೀಗೆ ಹೊರಟ ಬರಹವನ್ನು ಮುಂದಿನ ಮಾದರಿಗೆ ಪಾಠವಾಗಿ ಕೊಟ್ಟು, ಅದು ಬರೆದದ್ದನ್ನು ಅದರ ಮುಂದಿನದಕ್ಕೆ ಕೊಡುತ್ತ ಹೋದರೆ, ಕೆಲವೇ ತಲೆಮಾರುಗಳಲ್ಲಿ ಕಲಿಕೆ ಕೆಡುತ್ತದೆ. ಇದನ್ನು ‘ಮಾಡೆಲ್ ಕೊಲ್ಯಾಪ್ಸ್’, ಅಂದರೆ ಮಾದರಿಯ ಕುಸಿತ ಎನ್ನುತ್ತಾರೆ.

ಕುಸಿತ ಶುರುವಾಗುವುದು ಅಪರೂಪದ ಸಂಗತಿಗಳಿಂದ. ‘ಕಡೆಗೋಲು’ ಎಂಬ ಪದ ಜನರ ಬರಹದಲ್ಲಿ ಸಾವಿರ ವಾಕ್ಯಕ್ಕೆ ಒಂದು ಸಲ ಬರುತ್ತದೆ, ಮಾದರಿ ಅದನ್ನು ಸರಿಯಾಗಿಯೇ ಕಲಿತಿದೆ ಎಂದು ಇಟ್ಟುಕೊಳ್ಳೋಣ. ಆ ಮಾದರಿ ಈಗ ತಾನಾಗಿ ಸಾವಿರ ವಾಕ್ಯ ಬರೆದರೆ, ಅದರಲ್ಲಿ ‘ಕಡೆಗೋಲು’ ಒಂದು ಸಲವೂ ಬಾರದಿರುವ ಸಂಭವ ಶೇ. 37ರಷ್ಟು. ಎರಡೋ ಮೂರೋ ಸಲ ಬರುವ ಸಂಭವವೂ ಇದೆ. ಸರಾಸರಿ ತೆಗೆದರೆ ಲೆಕ್ಕ ಒಂದೇ. ಆದರೆ ಸೊನ್ನೆಗೆ ಇಳಿದ ಪದದ ಸ್ಥಿತಿ ಬೇರೆ. ಮುಂದಿನ ಮಾದರಿ ಆ ಸಾವಿರ ವಾಕ್ಯಗಳಿಂದ ಮಾತ್ರ ಕಲಿಯುವುದಾದರೆ, ಅದರ ಮಟ್ಟಿಗೆ ಕಡೆಗೋಲು ಎಂಬುದೇ ಇಲ್ಲ. ಅದರ ಮುಂದಿನ ಯಾವ ತಲೆಮಾರಿಗೂ ಆ ಪದ ಮರಳಿ ಬರುವ ದಾರಿಯಿಲ್ಲ. ಈ ಸಲ ಉಳಿದ ಅಪರೂಪದ ಪದಗಳು ಪ್ರತಿ ತಲೆಮಾರಿನಲ್ಲೂ ಇದೇ ಅಪಾಯವನ್ನು ಹೊಸದಾಗಿ ಎದುರಿಸಬೇಕು. ಸಾಮಾನ್ಯ ಪದಗಳಿಗೆ ಈ ಭಯವಿಲ್ಲ. ಮೇಲಾಗಿ ಬರೆಯುವಾಗ ಹೆಚ್ಚು ಸಂಭವವುಳ್ಳ ಪದಗಳನ್ನೇ ಆರಿಸಿಕೊಳ್ಳುವಂತೆ ಮಾದರಿಗಳನ್ನು ಹೊಂದಿಸುವುದು ವಾಡಿಕೆಯಾದ್ದರಿಂದ ಅಳಿಯುವ ವೇಗ ಇನ್ನೂ ಹೆಚ್ಚುತ್ತದೆ. ಪದಕ್ಕೆ ಹೇಳಿದ ಮಾತು ಅಪರೂಪದ ರೋಗಲಕ್ಷಣಕ್ಕೂ ಸಣ್ಣ ಸಮುದಾಯದ ನುಡಿಗಟ್ಟಿಗೂ ಸಲ್ಲುತ್ತದೆ.

ಇಲ್ಯಾ ಶುಮೈಲೊವ್ ಮತ್ತು ಸಂಗಡಿಗರು 2024ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಮೆಟಾ ಕಂಪನಿಯ ಓಪಿಟಿ ಎಂಬ ಚಿಕ್ಕ ಮಾದರಿಗೆ ಅವರು ಮೊದಲು ವಿಕಿಪೀಡಿಯದ ಲೇಖನಗಳನ್ನು ಕಲಿಸಿದರು. ಅದು ಬರೆದುಕೊಟ್ಟದ್ದರಿಂದ ಅಷ್ಟೇ ಗಾತ್ರದ ಪಠ್ಯ ಕಟ್ಟಿ ಮುಂದಿನ ತಲೆಮಾರಿಗೆ ಕಲಿಸಿದರು, ಹೀಗೆಯೇ ಮುಂದುವರಿಸಿದರು. ಮಧ್ಯಯುಗದ ಇಂಗ್ಲೆಂಡಿನ ಚರ್ಚ್ ಗೋಪುರಗಳ ಬಗೆಗಿನ ಕೆಲವು ಸಾಲು ಕೊಟ್ಟು ಮುಂದುವರಿಸಲು ಬಿಟ್ಟಾಗ, ಒಂಬತ್ತನೆಯ ತಲೆಮಾರು ಕಪ್ಪು ಬಾಲದ ಮೊಲ, ಬಿಳಿ ಬಾಲದ ಮೊಲ, ನೀಲಿ ಬಾಲದ ಮೊಲ ಎಂದು ಪಟ್ಟಿ ಮಾಡುತ್ತ ಹೋಯಿತು. ಒಂದೇ ಮಾತನ್ನು ಪುನರಾವರ್ತಿಸದಂತೆ ನಿರ್ಬಂಧ ಹಾಕಿ ನೋಡಿದರೂ ಕುಸಿತ ನಿಲ್ಲಲಿಲ್ಲ.

ಇಂಥ ಅಸಂಬದ್ಧತೆ ಕೊನೆಯ ಹಂತದ್ದು, ಯಾರ ಕಣ್ಣಿಗೂ ಬೀಳುವಂಥದ್ದು. ಹೆಚ್ಚು ಕಾಳಜಿ ಬೇಕಾದದ್ದು ಮೊದಲ ಹಂತದಲ್ಲಿ. ಆಗ ವಾಕ್ಯಗಳು ಸರಾಗವಾಗಿಯೇ ಇರುತ್ತವೆ, ಸರಾಸರಿ ಅಂಕಗಳು ಒಮ್ಮೊಮ್ಮೆ ಉತ್ತಮಗೊಂಡಂತೆಯೂ ಕಾಣಬಹುದು. ವಿರಳ ಸಂಗತಿಗಳು ಮಾತ್ರ ಸದ್ದಿಲ್ಲದೆ ಜಾರಿರುತ್ತವೆ. ಇದನ್ನು ಹಿಡಿಯಬೇಕಾದರೆ ಮನುಷ್ಯರು ಬರೆದ, ಕಲಿಕೆಗೆ ಬಳಸದೆ ಬೇರೆಯಾಗಿ ಕಾದಿಟ್ಟ ಪಠ್ಯದ ಮೇಲೆ ಮಾದರಿಯನ್ನು ಪರೀಕ್ಷಿಸಬೇಕು, ಅದರಲ್ಲೂ ವಿರಳ ಪದ ಮತ್ತು ವಿಷಯಗಳನ್ನು ಪ್ರತ್ಯೇಕವಾಗಿ ನೋಡಬೇಕು.

ಹಾಗೆಂದು ಯಂತ್ರದ ಬರಹದ ಸೋಂಕು ತಾಗಿದೊಡನೆ ಎಲ್ಲ ಕೆಡುತ್ತದೆ ಎನ್ನುವಂತಿಲ್ಲ. ಅದೇ ಪ್ರಯೋಗದಲ್ಲಿ ಪ್ರತಿ ತಲೆಮಾರಿಗೂ ಮೂಲ ಪಠ್ಯದ ಶೇ. 10ರಷ್ಟನ್ನು ಬೆರೆಸಿಕೊಟ್ಟಾಗ ಹಾನಿ ಬಹಳ ಕಡಿಮೆಯಾಯಿತು. ಹಳೆಯದನ್ನು ತೆಗೆದು ಹೊಸದನ್ನಿಡುವ ಬದಲು, ಮನುಷ್ಯರ ಮೂಲ ಬರಹವನ್ನೆಲ್ಲ ಉಳಿಸಿಕೊಂಡು ಅದರ ಮೇಲೆ ಯಂತ್ರದ್ದನ್ನು ಪೇರಿಸಿದರೆ ತಪ್ಪು ಮಿತಿಮೀರಿ ಬೆಳೆಯುವುದಿಲ್ಲ ಎಂದು 2024ರಲ್ಲಿ ಇನ್ನೊಂದು ತಂಡ ತೋರಿಸಿತು. ಗಣಿತದಂತೆ ಉತ್ತರವನ್ನು ತಾಳೆ ನೋಡಬಹುದಾದ ಕಡೆ, ಸರಿಯಾದದ್ದನ್ನಷ್ಟೇ ಸೋಸಿ ಕಲಿಸಿದರೆ ಯಂತ್ರದ ಪಠ್ಯ ಉಪಕಾರಿಯೂ ಹೌದು.

ಕಾದಿಟ್ಟ ಹಳೆಯ ಬರಹ ಕುಸಿತವನ್ನು ತಡೆದೀತು, ಆದರೆ ನಿನ್ನೆ ಹುಟ್ಟಿದ ಪದ, ಈ ವರ್ಷದ ಕಾನೂನು, ಹೊಸ ರೋಗ ಅದರಲ್ಲಿ ಇರುವುದಿಲ್ಲ. ಅವು ಬರಬೇಕಾದದ್ದು ಬದುಕುತ್ತಿರುವ ಜನರಿಂದಲೇ. ಅದನ್ನು ಜಾಲದಿಂದ ಹೆಕ್ಕಿಕೊಳ್ಳುವುದೂ ಈಗ ಕಷ್ಟ. ಹಲವು ಭಾಷೆಗಳ ಪದಬಳಕೆಯ ಪ್ರಮಾಣ ದಾಖಲಿಸುತ್ತಿದ್ದ ‘ವರ್ಡ್‌ಫ್ರೀಕ್’ ಯೋಜನೆ 2021ರವರೆಗಿನ ಮಾಹಿತಿಗೇ ನಿಂತಿದೆ. ಜಾಲದಲ್ಲಿ ಯಂತ್ರದ ಬರಹ ಬೆರೆತು, ಜನ ಹೇಗೆ ಬರೆಯುತ್ತಾರೆಂದು ತಿಳಿಯುವಂತಿಲ್ಲ ಎಂಬುದು 2024ರಲ್ಲಿ ಅದರ ಕರ್ತೃ ಕೊಟ್ಟ ಕಾರಣಗಳಲ್ಲಿ ಒಂದು.

ಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಗಳಿಗೆ ಪೆಟ್ಟು ಬೇಗ ತಟ್ಟುತ್ತದೆ, ಏಕೆಂದರೆ ಸ್ವಲ್ಪ ಯಂತ್ರಾನುವಾದ ಸೇರಿದರೂ ಒಟ್ಟಿನಲ್ಲಿ ಅದರ ಪಾಲು ದೊಡ್ಡದಾಗುತ್ತದೆ. ಕನ್ನಡದ ಮಟ್ಟಿಗೆ ಕುಂದಾಪುರದ, ಧಾರವಾಡದ, ಚಾಮರಾಜನಗರದ ಮಾತು ಬರಹದಲ್ಲಿ ಮೊದಲೇ ವಿರಳ. ಮೇಲಿನ ಲೆಕ್ಕದ ಪ್ರಕಾರ ಮೊದಲು ಸೊನ್ನೆಯಾಗುವುದು ಅವೇ. ಐಐಟಿ ಮದ್ರಾಸ್‌ನ ‘ಎಐ4ಭಾರತ್’ ತಂಡ ಕನ್ನಡವೂ ಸೇರಿದಂತೆ ಪರಿಚ್ಛೇದದ 22 ಭಾಷೆಗಳಲ್ಲಿ ಜಿಲ್ಲೆ ಜಿಲ್ಲೆಗೆ ಹೋಗಿ ಜನರ ಸಹಜ ಮಾತನ್ನು ಧ್ವನಿಮುದ್ರಿಸಿ, ಲಿಪಿಗೆ ಇಳಿಸಿ ‘ಇಂಡಿಕ್‌ವಾಯ್ಸಸ್’ ಸಂಗ್ರಹ ಕಟ್ಟುತ್ತಿರುವುದು ಈ ಕೊರತೆಯನ್ನು ತುಂಬುವ ಕೆಲಸ. ಇಂಥ ಸಂಗ್ರಹಕ್ಕೆ ಯಂತ್ರದ ಪಠ್ಯ ಬದಲಿಯಾಗಲಾರದು, ಏಕೆಂದರೆ ಮಾದರಿ ಕೇಳಿಯೇ ಇರದ ಮಾತನ್ನು ಅದು ಬರೆದುಕೊಡಲಾರದು.