ಹನ್ನೆರಡು ಪದಗಳ ಹಾಳೆ

ಬಿಟ್‌ಕಾಯಿನ್ ಇಟ್ಟುಕೊಳ್ಳಲು ಮೊಬೈಲಿನಲ್ಲಿ ಸ್ವಂತ ವಾಲೆಟ್ ತೆರೆದರೆ, ಸಾಮಾನ್ಯವಾಗಿ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ತೋರಿಸಿ ಬರೆದುಕೊಳ್ಳಲು ಹೇಳುತ್ತದೆ. ಕೆಲವು ವಾಲೆಟ್‌ಗಳು ಇಪ್ಪತ್ತನಾಲ್ಕು ಕೊಡುತ್ತವೆ. ಇದೇ ಸೀಡ್ ಫ್ರೇಸ್. ಬ್ಯಾಂಕಿನ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಸಿಕೊಳ್ಳಬಹುದು. ಇಲ್ಲಿ ಕೇಳಲು ಬ್ಯಾಂಕೇ ಇಲ್ಲ. ಹಣ ಕಳಿಸುವ ಗುಪ್ತ ಕೀಲಿಗಳೆಲ್ಲ ಈ ಪದಗಳಿಂದಲೇ ಹುಟ್ಟುತ್ತವೆ. ಮೊಬೈಲು ಕೆರೆಗೆ ಬಿದ್ದರೂ ಪದಗಳಿದ್ದರೆ ಇನ್ನೊಂದು ಮೊಬೈಲಿನಲ್ಲಿ ಹಣ ಮರಳಿ ಸಿಗುತ್ತದೆ. ಪದಗಳು ಕಳ್ಳನಿಗೆ ಸಿಕ್ಕರೆ, ನಿಮ್ಮ ಮೊಬೈಲನ್ನು ಮುಟ್ಟದೆಯೇ ಅವನು ಎಲ್ಲವನ್ನೂ ಸಾಗಿಸಬಲ್ಲ.

ಹಾಗಾಗಿ ಪದಗಳ ಫೋಟೋ ತೆಗೆಯಲೇಬೇಡಿ. ಸ್ಕ್ರೀನ್‌ಶಾಟ್ ಗ್ಯಾಲರಿಯಿಂದ ತಾನಾಗಿಯೇ ಕ್ಲೌಡಿಗೆ ಏರಬಹುದು, ಮೇಲಾಗಿ ಚಿತ್ರದಲ್ಲಿನ ಅಕ್ಷರ ಓದಿ ಇಂಥ ಪದಗಳನ್ನೇ ಹುಡುಕುವ ಕಳ್ಳ ಆ್ಯಪ್‌ಗಳಿವೆ. ವಾಟ್ಸ್‌ಆ್ಯಪ್, ಇಮೇಲ್‌ಗಳೂ ಬೇಡ. ಸಹಾಯವಾಣಿಯವರೆಂದು ಹೇಳಿಕೊಂಡು ಪದ ಕೇಳಿದವರು ಯಾರೇ ಇರಲಿ, ಮೋಸಗಾರರೆಂದೇ ತಿಳಿಯಿರಿ.

ದಪ್ಪ ಕಾಗದದ ಮೇಲೆ, ಸಂಖ್ಯೆ ಹಾಕಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆಯಿರಿ. ಬಹುಪಾಲು ವಾಲೆಟ್‌ಗಳು ಬಳಸುವ ಪಟ್ಟಿಯಲ್ಲಿ ಇರುವುದು 2048 ಪದಗಳು. ಅದರಲ್ಲಿ `walk` ಕೂಡ ಇದೆ, `wall` ಕೂಡ ಇದೆ. ಅವಸರದಲ್ಲಿ ಗೀಚಿದ ಕೊನೆಯ ಅಕ್ಷರ ಎರಡು ವರ್ಷದ ನಂತರ ಯಾವುದೆಂದು ತಿಳಿಯದಿದ್ದರೆ? ಪದಗಳೊಳಗೇ ಒಂದು ತಾಳೆಲೆಕ್ಕ ಅಡಗಿರುವುದರಿಂದ, ತಪ್ಪು ಪದ ಹಾಕಿದರೆ ವಾಲೆಟ್ ಹೆಚ್ಚಾಗಿ ಒಪ್ಪುವುದಿಲ್ಲ. ಆದರೆ ಹನ್ನೆರಡು ಪದಗಳ ಸೀಡ್‌ನಲ್ಲಿ ಹದಿನಾರಕ್ಕೆ ಒಂದು ಸಲ ತಪ್ಪೂ ತಾಳೆಯಾಗಿಬಿಡುತ್ತದೆ. ಆಗ ದೋಷವೇನೂ ಕಾಣದು, ಬೇರೊಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ಹಣ ಕಳುವಾಯಿತೆಂದು ಗಾಬರಿಯಾಗುವ ಮೊದಲು ಹಾಳೆಯನ್ನು ಇನ್ನೊಮ್ಮೆ ಓದಬೇಕಾದ ಹೊತ್ತು ಅದು. ಪದಗಳ ಕ್ರಮ ತಪ್ಪಿದರೂ ಇದೇ ಕಥೆ.

ಒಂದೇ ಪ್ರತಿ ಸಾಲದು. ಒಂದನ್ನು ಮನೆಯ ಬೀರುವಿನಲ್ಲಿ ಆಸ್ತಿಪತ್ರದ ಜೊತೆ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ, ಉದಾಹರಣೆಗೆ ಬ್ಯಾಂಕ್ ಲಾಕರಿನಲ್ಲಿ, ಮುಚ್ಚಿದ ಲಕೋಟೆಯಲ್ಲಿಡಿ. ಮಲೆನಾಡಿನ ಮಳೆಗಾಲದ ತೇವಕ್ಕೂ ಗೆದ್ದಲಿಗೂ ಕಾಗದ ಉಳಿಯದು ಎನ್ನುವವರು ಸ್ಟೀಲ್ ತಗಡಿನ ಮೇಲೆ ಕೊರೆಯಬಹುದು. ಅದನ್ನು ಅಂಗಡಿಗೆ ಕೊಟ್ಟು ಮಾಡಿಸದೆ ನೀವೇ ಮಾಡಬೇಕು. ಆರು ಪದ ಇಲ್ಲಿ, ಆರು ಅಲ್ಲಿ ಎಂದು ಹರಿದು ಹಂಚುವುದು ನನಗೆ ಸರಿಕಾಣದು. ಒಂದು ತುಂಡು ಕಳೆದರೆ ಹಣವೂ ಹೋಯಿತು, ಸಿಕ್ಕವನಿಗೆ ಅರ್ಧ ಕೆಲಸವೂ ಮುಗಿಯಿತು.

ದೊಡ್ಡ ಮೊತ್ತ ಹಾಕುವ ಮುನ್ನ ನೂರಿನ್ನೂರು ರೂಪಾಯಿಯಷ್ಟು ಹಾಕಿ, ಹಣ ಬಂದ ವಿಳಾಸವನ್ನು ಬರೆದಿಟ್ಟುಕೊಳ್ಳಿ. ವಾಲೆಟನ್ನು ಮೊಬೈಲಿನಿಂದ ಅಳಿಸಿ. ಮತ್ತೆ ಹಾಕಿಕೊಂಡು, ಹಾಳೆ ನೋಡಿ ಪದಗಳನ್ನು ಒತ್ತಿ. ಅದೇ ವಿಳಾಸ, ಅದೇ ಮೊತ್ತ ಕಂಡರೆ ಹಾಳೆ ಸರಿಯಿದೆ. ಕಾಣದಿದ್ದರೆ ಹೋದದ್ದು ನೂರಿನ್ನೂರು ರೂಪಾಯಿ ಮಾತ್ರ.