ಕ್ಲೌಡ್‌ನಲ್ಲಿ ಯಾವ ಕಾವಲು ಯಾರ ಪಾಲಿಗೆ?

2019ರ ಜುಲೈ 17ರಂದು ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಅಪರಿಚಿತರೊಬ್ಬರಿಂದ ಒಂದು ಇಮೇಲ್ ಬಂತು. ನಿಮ್ಮಲ್ಲಿಂದ ಸೋರಿದಂತೆ ಕಾಣುವ ಮಾಹಿತಿ ಗಿಟ್‌ಹಬ್‌ನಲ್ಲಿ ಬಿದ್ದಿದೆ, ನೋಡಿಕೊಳ್ಳಿ ಎಂಬುದು ಅದರ ಸಾರ. ಎರಡು ದಿನ ಪರಿಶೀಲಿಸಿದ ಮೇಲೆ ಬ್ಯಾಂಕಿಗೆ ಖಾತ್ರಿಯಾಯಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಕಳವಾಗಿದ್ದವು. ಅವರಲ್ಲಿ ಬಹಳಷ್ಟು ಮಂದಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದವರು. ಕಳವು ನಡೆದದ್ದು ಮಾರ್ಚ್‌ನಲ್ಲಿ. ಸುಮಾರು ನಾಲ್ಕು ತಿಂಗಳು ಬ್ಯಾಂಕಿನಲ್ಲಿ ಯಾರಿಗೂ ಅದರ ಸುಳಿವಿರಲಿಲ್ಲ.

ಆ ಮಾಹಿತಿ ಇದ್ದದ್ದು ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನಲ್ಲಿ. ಕದ್ದವರು ಹಿಂದೆ ಅದೇ ಎಡಬ್ಲ್ಯೂಎಸ್‌ನಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್. ಇಷ್ಟು ಕೇಳಿದವರು ತಪ್ಪು ಅಮೆಜಾನ್‌ನದೇ ಎಂದುಕೊಳ್ಳುವುದು ಸಹಜ. ಆದರೆ 2020ರ ಆಗಸ್ಟ್‌ನಲ್ಲಿ ಅಮೆರಿಕದ ಬ್ಯಾಂಕ್ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದ್ದು ಬ್ಯಾಂಕಿಗೆ. ಆ ತೀರ್ಮಾನದ ಹಿಂದೆ ಕ್ಲೌಡ್ ಉದ್ಯಮವೇ ಒಪ್ಪಿಕೊಂಡಿರುವ ಒಂದು ಪಾಲುಪಟ್ಟಿ ಇದೆ. ಅದನ್ನು ಹಂಚಿಕೆಯ ಹೊಣೆಗಾರಿಕೆ ಎನ್ನುತ್ತಾರೆ. ಕ್ಲೌಡನ್ನು ಕಟ್ಟಿ ನಡೆಸುವವರು ಕ್ಲೌಡಿಗೇ ಭದ್ರತೆ ಕೊಡಬೇಕು. ಅದರೊಳಗೆ ಗ್ರಾಹಕ ಏನನ್ನು ಇಡುತ್ತಾನೋ, ಯಾರಿಗೆ ಬಾಗಿಲು ತೆರೆಯುತ್ತಾನೋ ಅದರ ಭದ್ರತೆ ಗ್ರಾಹಕನದು.

ಎರಡು ಪಾಲುಗಳ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಕೊಂಡ ಸೇವೆಯ ಮೇಲೆ ನಿಂತಿದೆ. ಮದುವೆಗೆ ಕಲ್ಯಾಣ ಮಂಟಪ ಹಿಡಿಯುವುದನ್ನು ನೆನೆಸಿಕೊಳ್ಳಿ. ಬರೀ ಮಂಟಪ ಹಿಡಿದರೆ ಕಟ್ಟಡ, ನೀರು, ಕರೆಂಟು ಮಾಲೀಕರದು. ಅಡುಗೆಭಟ್ಟರು, ಪಾತ್ರೆ, ದಿನಸಿ ಎಲ್ಲ ನಮ್ಮದು. ಅಡುಗೆಮನೆಯ ಸಮೇತ ಹಿಡಿದರೆ ಒಲೆ, ಪಾತ್ರೆ, ಭಟ್ಟರೂ ಅವರ ಕಡೆಯವರೇ. ಏನು ಅಡುಗೆ ಎಂದು ಹೇಳುವವರು ನಾವು. ಇಡೀ ಮದುವೆಯನ್ನೇ ಕಂಟ್ರಾಕ್ಟ್ ಕೊಟ್ಟರೆ ನಾವು ಹೋಗಿ ಕೂತರೆ ಸಾಕು. ಆದರೆ ಮೂರರಲ್ಲೂ ವಧುವಿನ ಒಡವೆ ಇಟ್ಟ ಕೋಣೆಯ ಕೀಲಿ ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸುವವರು ಮನೆಯವರೇ. ಕ್ಲೌಡ್‌ನ ಮೂರು ಮಾದರಿಗಳಾದ ಐಎಎಎಸ್, ಪಿಎಎಎಸ್, ಎಸ್‌ಎಎಎಸ್ ಸುಮಾರಾಗಿ ಇದೇ ಕ್ರಮದಲ್ಲಿವೆ. ಮೊದಲನೆಯದರಲ್ಲಿ ಬಾಡಿಗೆಗೆ ಸಿಗುವುದು ಕಂಪ್ಯೂಟರ್ ಮತ್ತು ಸಂಗ್ರಹದ ಜಾಗ, ಎರಡನೆಯದರಲ್ಲಿ ಸಿದ್ಧವಾಗಿ ನಡೆಯುತ್ತಿರುವ ಡೇಟಾಬೇಸ್‌ನಂಥ ವೇದಿಕೆ, ಮೂರನೆಯದರಲ್ಲಿ ಲಾಗಿನ್ ಆಗಿ ಬಳಸುವ ಪೂರ್ತಿ ತಂತ್ರಾಂಶ.

ಕ್ಯಾಪಿಟಲ್ ಒನ್‌ನಲ್ಲಿ ನಡೆದದ್ದು ಮೊದಲನೆಯ ಮಾದರಿಯಲ್ಲಿ. ಅದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಗೆರೆ ಎಲ್ಲಿದೆ ಎಂಬುದು ಯಾವ ಕೋಷ್ಟಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಬ್ಯಾಂಕ್ ತನ್ನ ವೆಬ್ ಅಪ್ಲಿಕೇಶನ್‌ಗಳ ಮುಂದೆ ಒಂದು ಫೈರ್‌ವಾಲ್ ನಿಲ್ಲಿಸಿತ್ತು. ಬರುವ ಕೋರಿಕೆಗಳನ್ನು ಸೋಸಿ ಒಳಗೆ ಬಿಡುವುದು ಅದರ ಕೆಲಸ, ಮತ್ತು ಅದು ಓಡುತ್ತಿದ್ದದ್ದು ಬಾಡಿಗೆಗೆ ಪಡೆದ ಸರ್ವರ್‌ನ ಮೇಲೆ. ಅದರ ಸೆಟ್ಟಿಂಗ್‌ನಲ್ಲಿ ತಪ್ಪಿತ್ತು. ಹೊರಗಿನವರು ಹೇಳಿದ ವಿಳಾಸಕ್ಕೆ ಅದು ತಾನೇ ಹೋಗಿ, ಅಲ್ಲಿಂದ ಸಿಕ್ಕ ಉತ್ತರವನ್ನು ಹೊರಗಿನವರ ಕೈಗೆ ತಂದುಕೊಡುತ್ತಿತ್ತು. ಎಡಬ್ಲ್ಯೂಎಸ್‌ನ ಪ್ರತಿಯೊಂದು ಬಾಡಿಗೆ ಸರ್ವರ್‌ಗೂ `169.254.169.254` ಎಂಬ ಒಳಗಿನ ವಿಳಾಸವೊಂದು ಕಾಣುತ್ತದೆ. ನಾನು ಯಾರು, ನನಗೇನು ಅಧಿಕಾರವಿದೆ ಎಂದು ಸರ್ವರ್ ಅಲ್ಲಿ ಕೇಳಿದರೆ, ಅದಕ್ಕೆ ವಹಿಸಿದ ಪಾತ್ರದ ತಾತ್ಕಾಲಿಕ ಕೀಲಿ ಸಿಗುತ್ತದೆ. ಹೊರಗಿನಿಂದ ಯಾರೂ ಆ ವಿಳಾಸವನ್ನು ನೇರವಾಗಿ ಮುಟ್ಟಲಾರರು. ಆದರೆ ಹೇಳಿದಲ್ಲಿಗೆ ಹೋಗಿಬರುವ ಫೈರ್‌ವಾಲ್ ಇದ್ದಾಗ ನೇರವಾಗಿ ಮುಟ್ಟಬೇಕಾದ ಅಗತ್ಯವೇ ಬರಲಿಲ್ಲ. ಅದು ತನ್ನ ಕೀಲಿಯನ್ನು ತಾನೇ ತಂದು ಕಳ್ಳರ ಕೈಗಿಟ್ಟಿತು.

ಇಲ್ಲಿಯವರೆಗೆ ಹೋದದ್ದು ಒಂದು ಕೀಲಿ ಮಾತ್ರ. ಅನಾಹುತಕ್ಕೆ ಕಾರಣ ಆ ಕೀಲಿ ಎಷ್ಟು ಬಾಗಿಲು ತೆರೆಯುತ್ತಿತ್ತು ಎಂಬುದು. ಸೋಸುವ ಕೆಲಸದ ಫೈರ್‌ವಾಲ್‌ಗೆ ಗ್ರಾಹಕರ ಕಡತಗಳನ್ನು ಓದುವ ಅಧಿಕಾರ ಯಾಕೆ ಬೇಕು? ಬೇಕಿರಲಿಲ್ಲ, ಆದರೂ ಇತ್ತು. ಪೊಲೀಸ್ ತನಿಖೆಯ ದಾಖಲೆಯ ಪ್ರಕಾರ ಮೊದಲ ಆಜ್ಞೆಯಿಂದ ಕೀಲಿ ಸಿಕ್ಕಿತು, ಎರಡನೆಯದರಿಂದ 700ಕ್ಕೂ ಹೆಚ್ಚು ಸಂಗ್ರಹ ಬಕೆಟ್‌ಗಳ ಹೆಸರು ಸಿಕ್ಕಿತು, ಮೂರನೆಯದರಿಂದ ಅವುಗಳಲ್ಲಿ ಬೇಕಾದದ್ದರ ನಕಲು ಇಳಿಯಿತು.

ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಿರಲಿಲ್ಲವೇ ಎಂದರೆ, ಮಾಡಿದ್ದರು. ಆದರೂ ಕಳ್ಳರು ಬಹುಪಾಲು ಓದಬಲ್ಲವರಾದರು ಎಂಬುದನ್ನು ನನ್ನ ಮಟ್ಟಿಗೆ ಇಡೀ ಪ್ರಕರಣದ ಮುಖ್ಯ ಪಾಠವೆನ್ನಬೇಕು. ಸಂಗ್ರಹದಲ್ಲಿರುವ ಕಡತವನ್ನು ಗೂಢಲಿಪಿಗೆ ತಿರುಗಿಸುವುದು, ಅರ್ಹರು ಕೇಳಿದಾಗ ಬಿಡಿಸಿಕೊಡುವುದು ಕ್ಲೌಡ್ ಕಂಪನಿಯ ಯಂತ್ರದ ಕೆಲಸ. ಅರ್ಹರು ಯಾರೆಂದು ಬರೆದುಕೊಡುವುದು ಗ್ರಾಹಕನ ಕೆಲಸ. ಕದ್ದ ಪಾತ್ರಕ್ಕೆ ಓದುವ ಅಧಿಕಾರದ ಜೊತೆ ಬಿಡಿಸುವ ಅಧಿಕಾರವೂ ಇದ್ದದ್ದರಿಂದ ಯಂತ್ರ ನಿಯಮದಂತೆಯೇ ಬಿಡಿಸಿಕೊಟ್ಟಿತು. ಕದ್ದ ಹಾರ್ಡ್ ಡಿಸ್ಕಿನಿಂದ ಅಂಥ ಎನ್‌ಕ್ರಿಪ್ಶನ್ ಕಾಪಾಡೀತು. ಕದ್ದ ಅಧಿಕಾರದಿಂದ ಕಾಪಾಡಲಾರದು.

ಇನ್ನು ಆ ನಾಲ್ಕು ತಿಂಗಳ ಮೌನ. ಯಾರು ಯಾವಾಗ ಯಾವ ಆಜ್ಞೆ ಕೊಟ್ಟರೆಂಬ ದಾಖಲೆ, ಅಂದರೆ ಲಾಗ್, ಇತ್ತು. ವಿಳಾಸ ಮರೆಸಿಕೊಳ್ಳಲು ಬಳಸುವ ಟಾರ್ ಜಾಲದಿಂದ ಬಂದ ಸಂಪರ್ಕಗಳೂ ಅದರಲ್ಲಿ ಇದ್ದವು. ಇಮೇಲ್ ಬಂದ ಮೇಲೆ ಬೇಗ ಪತ್ತೆಯಾದದ್ದು ಆ ದಾಖಲೆ ಇದ್ದದ್ದರಿಂದಲೇ. ಫೈರ್‌ವಾಲ್‌ನ ಪಾತ್ರ ಇದ್ದಕ್ಕಿದ್ದಂತೆ ಬಕೆಟ್‌ಗಳ ಪಟ್ಟಿ ಕೇಳಿದಾಗ ಎಚ್ಚರಿಸುವ ವ್ಯವಸ್ಥೆಯನ್ನು ಮಾತ್ರ ಗ್ರಾಹಕನೇ ಮಾಡಿಕೊಳ್ಳಬೇಕು, ಯಾಕೆಂದರೆ ಆ ಪಾತ್ರದ ದಿನನಿತ್ಯದ ಕೆಲಸ ಏನೆಂದು ಕ್ಲೌಡ್ ಕಂಪನಿಗೆ ಗೊತ್ತಿರುವುದಿಲ್ಲ.

ಹೀಗೆ ಎಣಿಸಿದರೆ ಡೇಟಾಸೆಂಟರ್, ಯಂತ್ರ, ಜಾಲ ಯಾವುದೂ ಮುರಿದಿರಲಿಲ್ಲ. ಫೈರ್‌ವಾಲ್‌ನ ಸೆಟ್ಟಿಂಗ್, ಪಾತ್ರದ ಅಧಿಕಾರ, ಲಾಗ್‌ನ ಕಾವಲು ಮೂರೂ ಬ್ಯಾಂಕಿನ ಕಡೆಯವು. ಎಡಬ್ಲ್ಯೂಎಸ್ ಹೇಳಿದ್ದೂ ಇದನ್ನೇ. ಆದರೆ ಎಲ್ಲರೂ ಅದನ್ನು ಹಾಗೆಯೇ ಒಪ್ಪಲಿಲ್ಲ. ಹೇಳಿದವರಿಗೆಲ್ಲ ಕೀಲಿ ಕೊಡುವ ಆ ಒಳವಿಳಾಸದ ವಿನ್ಯಾಸ ಅಮೆಜಾನ್‌ನದಲ್ಲವೇ ಎಂದು 2019ರ ಅಕ್ಟೋಬರ್‌ನಲ್ಲಿ ಸೆನೆಟರ್‌ಗಳಾದ ರಾನ್ ವೈಡನ್ ಮತ್ತು ಎಲಿಜಬೆತ್ ವಾರನ್ ಪ್ರಶ್ನೆ ಎತ್ತಿದರು. ಮರುತಿಂಗಳೇ ಎಡಬ್ಲ್ಯೂಎಸ್ ಆ ಸೇವೆಯ ಎರಡನೆಯ ಆವೃತ್ತಿಯನ್ನು ತಂದಿತು. ಅದರಲ್ಲಿ ಮೊದಲು ಬೇರೆ ರೀತಿಯ ಕೋರಿಕೆ ಕಳುಹಿಸಿ ಒಂದು ಟೋಕನ್ ಪಡೆಯಬೇಕು, ಆಮೇಲೆ ಅದನ್ನು ತೋರಿಸಿ ಕೀಲಿ ಕೇಳಬೇಕು. ಮೋಸಹೋದ ಫೈರ್‌ವಾಲ್‌ಗೆ ಸಾಮಾನ್ಯವಾಗಿ ಇಷ್ಟನ್ನು ಮಾಡಲಾಗುವುದಿಲ್ಲ. ಆದರೆ ಹಳೆಯ ಆವೃತ್ತಿಯನ್ನು ಮುಚ್ಚಲಿಲ್ಲ, ಹೊಸದನ್ನು ಕಡ್ಡಾಯ ಮಾಡಿಕೊಳ್ಳುವುದನ್ನು ಗ್ರಾಹಕರಿಗೇ ಬಿಟ್ಟರು. ನನಗೆ ಇದು ಸರಿಯೆನಿಸುವುದಿಲ್ಲ. ಅಪಾಯ ಗೊತ್ತಿದ್ದೂ ಸುರಕ್ಷಿತ ದಾರಿಯನ್ನು ಆಯ್ಕೆಗೆ ಬಿಟ್ಟರೆ, ಎಂಜಿನಿಯರ್‌ಗಳ ದಂಡೇ ಇಲ್ಲದ ಸಣ್ಣ ಸಂಸ್ಥೆಗಳು ಹಳೆಯದರಲ್ಲೇ ಉಳಿಯುತ್ತವೆ. ಹೊಸ ಬಕೆಟ್‌ಗಳನ್ನು ಸಾರ್ವಜನಿಕರಿಗೆ ತೆರೆಯದಂತೆ ತಾನಾಗಿಯೇ ತಡೆಯುವ ಸೆಟ್ಟಿಂಗ್ ಕೂಡ ಎಡಬ್ಲ್ಯೂಎಸ್‌ನಲ್ಲಿ ಎಲ್ಲರಿಗೂ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ತೆರೆದ ಬಕೆಟ್‌ಗಳಿಂದ ಮಾಹಿತಿ ಸೋರಿದ ಸುದ್ದಿಗಳಿಗೆ ಕೊರತೆಯಿರಲಿಲ್ಲ.

ಎರಡನೆಯ ಮಾದರಿಗೆ ಬಂದರೆ ಗ್ರಾಹಕನ ತಲೆಯಿಂದ ದೊಡ್ಡ ಹೊರೆಯೊಂದು ಇಳಿಯುತ್ತದೆ. ಐಎಎಎಸ್‌ನಲ್ಲಿ ಬಾಡಿಗೆ ಸರ್ವರ್‌ನ ಆಪರೇಟಿಂಗ್ ಸಿಸ್ಟಂಗೆ ಪ್ಯಾಚ್ ಹಾಕುವುದು ಗ್ರಾಹಕನ ಕೆಲಸ. ಪಿಎಎಎಸ್‌ನಲ್ಲಿ ಅದು ಕಂಪನಿಯದು. ಗ್ರಾಹಕನಿಗೆ ಉಳಿಯುವುದು ತಾನು ಬರೆದ ಕೋಡ್, ಅದರಲ್ಲಿ ಸೇರಿಸಿಕೊಂಡ ಲೈಬ್ರರಿಗಳು, ಯಾವ ಜಾಲದಿಂದ ಯಾರು ಬರಬಹುದೆಂಬ ನಿಯಮ, ಮತ್ತು ಕೀಲಿಗಳು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ದೋಷ ಬಯಲಾದಾಗ ಹಲವರು ಎಡವಿದ್ದು ಇಲ್ಲಿಯೇ. ವೇದಿಕೆಗೆ ಕಂಪನಿ ಪ್ಯಾಚ್ ಹಾಕಿದರೂ ಗ್ರಾಹಕ ತನ್ನ ಕೋಡಿನ ಜೊತೆ ಕಟ್ಟಿ ತಂದ ಲೈಬ್ರರಿ ಹಳೆಯದಾಗಿಯೇ ಇರುತ್ತದೆ.

ತಪ್ಪು ಕಂಪನಿಯದೇ ಆದಾಗಲೂ ಗ್ರಾಹಕನಿಗೆ ಕೆಲಸ ತಪ್ಪದು. 2021ರ ಆಗಸ್ಟ್‌ನಲ್ಲಿ ವಿಜ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಮೈಕ್ರೋಸಾಫ್ಟ್ ಅಜೂರ್‌ನ ಕಾಸ್ಮೋಸ್ ಡಿಬಿ ಎಂಬ ಡೇಟಾಬೇಸ್ ಸೇವೆಯಲ್ಲಿ ಒಂದು ಬಿರುಕು ಕಂಡುಹಿಡಿದರು. ಅದರ ಮೂಲಕ ಒಬ್ಬ ಗ್ರಾಹಕ ಬೇರೆ ಗ್ರಾಹಕರ ಡೇಟಾಬೇಸ್‌ನ ಮುಖ್ಯ ಕೀಲಿಯನ್ನೇ ಪಡೆಯಬಹುದಾಗಿತ್ತು. ಗ್ರಾಹಕರನ್ನು ಒಬ್ಬರಿಂದೊಬ್ಬರಿಗೆ ಬೇರ್ಪಡಿಸುವ ಗೋಡೆ ಪೂರ್ತಿ ಕಂಪನಿಯ ಪಾಲು. ವರದಿ ಬಂದ 48 ಗಂಟೆಯೊಳಗೆ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನು ನಿಲ್ಲಿಸಿತು. ಆದರೆ ಅಷ್ಟರಲ್ಲಿ ಹೊರಬಿದ್ದಿರಬಹುದಾದ ಕೀಲಿಗಳನ್ನು ಬದಲಿಸಿಕೊಳ್ಳಿ ಎಂದು ಗ್ರಾಹಕರಿಗೇ ಹೇಳಬೇಕಾಯಿತು. ಆ ಕೀಲಿಯನ್ನು ನಂಬಿ ನಡೆಯುತ್ತಿರುವ ಅಪ್ಲಿಕೇಶನ್‌ಗಳು ಯಾವುವೆಂಬುದು ಗ್ರಾಹಕನಿಗೆ ಮಾತ್ರ ಗೊತ್ತು. ಹೇಳದೆ ಬದಲಿಸಿದರೆ ಅವೆಲ್ಲ ನಿಂತುಹೋಗುತ್ತವೆ.

ಮೂರನೆಯ ಮಾದರಿಯಲ್ಲಿ ಗ್ರಾಹಕ ಅತಿ ನಿಶ್ಚಿಂತನಾಗಿರುತ್ತಾನೆ. ಸರ್ವರ್ ಇಲ್ಲ, ಕೋಡ್ ಇಲ್ಲ, ಪ್ಯಾಚ್ ಇಲ್ಲ. ಉಳಿದ ಒಂದೇ ಬಾಗಿಲು ಲಾಗಿನ್. 2024ರಲ್ಲಿ ಸ್ನೋಫ್ಲೇಕ್ ಎಂಬ ದತ್ತಾಂಶ ಸೇವೆಯನ್ನು ಬಳಸುತ್ತಿದ್ದ ಸಂಸ್ಥೆಗಳಿಗೆ ಪೆಟ್ಟು ಬಿದ್ದದ್ದು ಆ ಬಾಗಿಲಿನಿಂದ. ಟಿಕೆಟ್‌ಮಾಸ್ಟರ್, ಎಟಿ ಅಂಡ್ ಟಿಯಂಥ ದೊಡ್ಡ ಕಂಪನಿಗಳು ಅದರಲ್ಲಿದ್ದವು. ಅಪಾಯಕ್ಕೆ ಒಳಗಾಗಿರಬಹುದೆಂದು ಎಚ್ಚರಿಸಿದ ಸಂಸ್ಥೆಗಳು ಸುಮಾರು 165. ಸ್ನೋಫ್ಲೇಕ್‌ನ ವ್ಯವಸ್ಥೆಯನ್ನು ಯಾರೂ ಭೇದಿಸಿದ್ದು ಕಂಡುಬರಲಿಲ್ಲ ಎಂದು ತನಿಖೆ ನಡೆಸಿದ ಮ್ಯಾಂಡಿಯಂಟ್ ಹೇಳಿತು. ಕೆಲಸದವರ ಕಂಪ್ಯೂಟರ್‌ಗಳಿಗೆ ಹೊಕ್ಕ ಮಾಲ್‌ವೇರ್ ಪಾಸ್‌ವರ್ಡ್‌ಗಳನ್ನು ಕದ್ದಿತ್ತು, ಕೆಲವನ್ನು 2020ರಷ್ಟು ಹಿಂದೆಯೇ. ಇಷ್ಟು ವರ್ಷ ಅವನ್ನು ಬದಲಿಸಿರಲಿಲ್ಲ. ಪಾಸ್‌ವರ್ಡ್‌ನ ಮೇಲೆ ಎರಡನೆಯ ಪರೀಕ್ಷೆಯೂ, ಅಂದರೆ ನಮ್ಮ ಬ್ಯಾಂಕುಗಳ ಒಟಿಪಿಯಂಥದ್ದು, ಆ ಖಾತೆಗಳಿಗೆ ಇರಲಿಲ್ಲ. ಆ ಸೌಲಭ್ಯ ಸೇವೆಯಲ್ಲಿತ್ತು, ಆನ್ ಮಾಡಿರಲಿಲ್ಲ ಅಷ್ಟೆ. ಹೊಸ ಖಾತೆಗಳಿಗೆ ಅದು ತಾನಾಗಿಯೇ ಆನ್ ಆಗುವಂತೆ ಸ್ನೋಫ್ಲೇಕ್ ಮಾಡಿದ್ದು ಇದೆಲ್ಲ ಆದಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ.

ನಮ್ಮ ದೇಶದ ಕಾನೂನೂ ಈ ಗೆರೆಯ ಬಗ್ಗೆ ಸ್ಪಷ್ಟವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಸಂಸ್ಥೆ, ಆ ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ ತಾನೇ ಹೊಣೆ. ತಕ್ಕ ಭದ್ರತೆ ವಹಿಸದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅಂದರೆ ದಾವಣಗೆರೆಯ ಒಂದು ಆಸ್ಪತ್ರೆ ರೋಗಿಗಳ ವಿವರವನ್ನು ಯಾರದೋ ಕ್ಲೌಡ್ ತಂತ್ರಾಂಶದಲ್ಲಿ ಇಟ್ಟರೆ, ಮೊದಲು ಉತ್ತರ ಹೇಳಬೇಕಾದದ್ದು ಆಸ್ಪತ್ರೆ.

ಅಂಥ ಆಸ್ಪತ್ರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕಂಪನಿಯ ಎಸ್‌ಒಸಿ 2 ಲೆಕ್ಕಪರಿಶೋಧನಾ ವರದಿಯನ್ನು ಕೇಳಿ ಪಡೆಯುವುದು ಒಳ್ಳೆಯದು. ಸಾಮಾನ್ಯವಾಗಿ ಎಲ್ಲರೂ ನೋಡುವುದು ಅದರಲ್ಲಿ ಪರಿಶೋಧಕರು ಕೊಟ್ಟ ಅಭಿಪ್ರಾಯದ ಪುಟವನ್ನು. ಅದಕ್ಕಿಂತ ಒಳಗೆ, ಬಳಕೆದಾರ ಸಂಸ್ಥೆ ಪಾಲಿಸಬೇಕಾದ ಪೂರಕ ನಿಯಂತ್ರಣಗಳು ಎಂಬ ಭಾಗವಿರುತ್ತದೆ. ಕೆಲಸ ಬಿಟ್ಟವರ ಖಾತೆ ಮುಚ್ಚುವುದು, ಅಧಿಕಾರಗಳನ್ನು ಆಗಾಗ ಪರಿಶೀಲಿಸುವುದು, ಲಾಗಿನ್‌ಗೆ ಎರಡನೆಯ ಪರೀಕ್ಷೆ ಇಡುವುದು ಇಂಥವನ್ನೆಲ್ಲ ಗ್ರಾಹಕ ಮಾಡುತ್ತಾನೆಂದು ನಂಬಿಯೇ ಉಳಿದ ವರದಿಯನ್ನು ಬರೆದಿರುತ್ತಾರೆ. ಆ ಪಟ್ಟಿಯ ಪ್ರತಿ ಸಾಲಿನ ಎದುರಿಗೂ ಆಸ್ಪತ್ರೆಯ ಒಬ್ಬ ಸಿಬ್ಬಂದಿಯ ಹೆಸರು ಬರೆಯಬೇಕು, ಹೆಸರು ಸಿಗದ ಸಾಲುಗಳನ್ನು ಸಹಿಗೆ ಮೊದಲೇ ಚರ್ಚೆಗೆ ತರಬೇಕು.