ಮುಚ್ಚಳಕ್ಕೆ ಕೈ ಹಾಕುವ ಮೊದಲು

ಬೇಸಿಗೆ ರಜೆ ಮುಗಿಸಿ ಕಾಲೇಜು ಲ್ಯಾಬಿನ ಕಪಾಟು ತೆರೆದಾಗ, ಹಿಂದಿನ ಸಾಲಿನಲ್ಲಿ ಒಂದು ಕಂದು ಬಾಟಲಿ ಕಾಣಬಹುದು. ಒಳಗಿರುವುದು ಈಥರ್, ಇಲ್ಲವೇ ಟೆಟ್ರಾಹೈಡ್ರೋಫ್ಯೂರಾನ್. ಲ್ಯಾಬಿನವರ ಬಾಯಲ್ಲಿ ಟಿಎಚ್‌ಎಫ್. ಬಾಟಲಿ ಅರ್ಧ ಖಾಲಿಯಾಗಿದೆ. ಖಾಲಿ ಎನ್ನುವುದು ಬಾಯಿಮಾತು, ಅಲ್ಲಿ ತುಂಬಿರುವುದು ಗಾಳಿ. ತೊಂದರೆ ಶುರುವಾಗುವುದೂ ಅದರಿಂದಲೇ.

ಡಬ್ಬಿಯಲ್ಲಿ ಮರೆತ ಕಡಲೆಕಾಯಿ ಎಣ್ಣೆ ಕಮಟಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ ಬಗೆಯ ಕ್ರಿಯೆ. ಗಾಳಿಯ ಆಮ್ಲಜನಕ ದ್ರವದ ಅಣುಗಳಿಗೆ ಮೆಲ್ಲಗೆ ಅಂಟಿಕೊಂಡು ಪೆರಾಕ್ಸೈಡ್ ಆಗುತ್ತದೆ. ಬೆಳಕು ಬಿದ್ದರೆ ಕೆಲಸ ಚುರುಕು. ಇದನ್ನು ತಡೆಯಲು ತಯಾರಕರು ಬಿಎಚ್‌ಟಿ ಎಂಬ ಪದಾರ್ಥವನ್ನು ಚೂರು ಬೆರೆಸಿರುತ್ತಾರೆ, ಆದರೆ ಅದು ದಿನಕಳೆದಂತೆ ಕರಗುತ್ತ ಹೋಗುತ್ತದೆ. ಶುದ್ಧವಾಗಲೆಂದು ಬಟ್ಟಿ ಇಳಿಸಿದ ಟಿಎಚ್‌ಎಫ್‌ನಲ್ಲಂತೂ ಅದು ಇರುವುದೇ ಇಲ್ಲ. ಹೆಚ್ಚು ಶುದ್ಧವಾದದ್ದೇ ಬೇಗ ಕೆಡುತ್ತದೆ!

ಮೊದಲು ಬಾಟಲಿಯನ್ನು ಮುಟ್ಟದೆ, ಟಾರ್ಚ್ ಹಿಡಿದು ನೋಡಿ. ಮುಚ್ಚಳದ ಸುತ್ತ ಅಥವಾ ತಳದಲ್ಲಿ ಹರಳು ಕಂಡರೆ, ದ್ರವ ಪಾಕದಂತೆ ಗಟ್ಟಿಯಾಗಿದ್ದರೆ, ಪರೀಕ್ಷೆಯ ಮಾತೇ ಇಲ್ಲ. ಮುಚ್ಚಳ ತಿರುಗಿಸುವಾಗಿನ ಉಜ್ಜಾಟವೇ ಸ್ಫೋಟಕ್ಕೆ ಸಾಕು. ಕೋಣೆ ಖಾಲಿ ಮಾಡಿಸಿ, ಬಾಗಿಲು ಹಾಕಿ, ಬಾಂಬ್ ನಿಷ್ಕ್ರಿಯ ದಳಕ್ಕೆ ತಿಳಿಸುವಂತೆ ಪೊಲೀಸರಿಗೆ ಹೇಳಬೇಕು.

ದ್ರವ ತಿಳಿಯಾಗಿದ್ದು, ತೆರೆದ ತಾರೀಖು ಗೊತ್ತಿದ್ದರೆ ಮಾತ್ರ ಪರೀಕ್ಷೆ. ಹತ್ತು ತಿಂಗಳ ಹಿಂದೆ ತೆರೆದ ಬಾಟಲಿಯಲ್ಲಿ 500 ಮಿ.ಲೀ. ಟಿಎಚ್‌ಎಫ್ ಉಳಿದಿದೆ ಎನ್ನೋಣ. ಅದರಲ್ಲಿ 1 ಮಿ.ಲೀ. ತೆಗೆದು, ಅಷ್ಟೇ ಅಸಿಟಿಕ್ ಆಮ್ಲ ಬೆರೆಸಿ, ಚಿಟಿಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ, ಪೆರಾಕ್ಸೈಡ್ ಇದ್ದಲ್ಲಿ ಅಯೋಡಿನ್ ಬಿಡುಗಡೆಯಾಗಿ ಹಳದಿ ಬರುತ್ತದೆ; ಹೆಚ್ಚಿದ್ದರೆ ಕಂದು. ಹಳೆಯ ಅಯೊಡೈಡ್ ತಾನೇ ಹಳದಿಯಾಗುವುದರಿಂದ ಪಕ್ಕದಲ್ಲಿ ಟಿಎಚ್‌ಎಫ್ ಇಲ್ಲದ ಇನ್ನೊಂದು ನಳಿಕೆ ಇಟ್ಟು ಹೋಲಿಸಬೇಕು. ಅಳತೆ ಬೇಕಿದ್ದರೆ ಪರೀಕ್ಷಾ ಪಟ್ಟಿ ಸಿಗುತ್ತದೆ, ಅದರಲ್ಲಿ ಬರುವ ಬಣ್ಣ ನೀಲಿ. ಎರಡೂ ಎಲ್ಲ ಬಗೆಯ ಪೆರಾಕ್ಸೈಡನ್ನು ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

ಪಟ್ಟಿ ಲೀಟರಿಗೆ 30 ಮಿ.ಗ್ರಾಂ ತೋರಿಸಿತು. ಅಂದರೆ ಬಾಟಲಿಯಲ್ಲಿರುವುದು 15 ಮಿ.ಗ್ರಾಂ, ಚಿಲ್ಲರೆ ಲೆಕ್ಕ ಅನ್ನಿಸುತ್ತದೆ. ಆದರೆ ಕಾಯಿಸಿದರೆ ಹಾರಿಹೋಗುವುದು ಟಿಎಚ್‌ಎಫ್. ಪೆರಾಕ್ಸೈಡ್ ತಳದಲ್ಲೇ ಉಳಿಯುತ್ತದೆ. 500 ಮಿ.ಲೀ. ಇಳಿದು 5 ಮಿ.ಲೀ. ಆದಾಗ ಅದೇ 30 ನೂರು ಪಟ್ಟು ಏರಿ 3,000 ಆಗಿರುತ್ತದೆ, ಅದೂ ಬಿಸಿ ಪಾತ್ರೆಯೊಳಗೆ. ಆದ್ದರಿಂದಲೇ 25 ದಾಟಿದ್ದನ್ನು ಬಟ್ಟಿ ಇಳಿಸಬಾರದು, 100 ದಾಟಿದ್ದನ್ನು ಬಳಸಲೇಬಾರದು ಎಂಬ ರೂಢಿ ಅನೇಕ ಲ್ಯಾಬುಗಳಲ್ಲಿದೆ.

ಇನ್ನು ವಿಲೇವಾರಿ. ಸಿಂಕಿಗೆ ಸುರಿದರೆ ಗಾಳಿಗಿಂತ ಭಾರವಾದ ಆವಿ ಚರಂಡಿಯುದ್ದಕ್ಕೂ ಹರಿದು ಎಲ್ಲೋ ಕಿಡಿಗೆ ಸಿಗುತ್ತದೆ. ಆರಲೆಂದು ತೆರೆದಿಟ್ಟರೆ ಪೆರಾಕ್ಸೈಡ್ ಒಂದೇ ಉಳಿಯುತ್ತದೆ. ಬೇರೆ ತ್ಯಾಜ್ಯದೊಂದಿಗೆ ಬೆರೆಸದೆ, ಪರೀಕ್ಷೆಯ ದಿನ ಮತ್ತು ಅಂಕಿಯನ್ನು ಲೇಬಲ್ ಮೇಲೆ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಅಪಾಯಕಾರಿ ತ್ಯಾಜ್ಯದವರಿಗೆ ಒಪ್ಪಿಸಿ. ಹೊಸ ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ. ತಾರೀಖಿಲ್ಲದ ಹಳೆಯ ಬಾಟಲಿ ಸಿಕ್ಕರೆ, ಹರಳು ಕಾಣದಿದ್ದರೂ ಮುಚ್ಚಳ ತಿರುಗಿಸಬೇಡಿ.